ನೀರಿನಲ್ಲಿ ಮೊದಲು ಇಳಿದವನು

ಆಫೀಸಿನಲ್ಲಿ ನಾನು ಹೇಳುವ ಕತೆಯಲ್ಲಿ ನಾನು ಕೂಗಿದ್ದೇನೆ: "ಬಟನ್ ಒತ್ತಬೇಡ ಮಾರಾಯ." ಆ ಕತೆಯನ್ನು ಎಷ್ಟು ಸಲ ಹೇಳಿದ್ದೇನೆಂದರೆ ಈಗ ನನ್ನ ದನಿ ನನಗೇ ಕೇಳಿಸುತ್ತದೆ. ಅದಕ್ಕೇ ಅನುಮಾನ.

ನಮ್ಮದು ಕೊಚ್ಚಿಯ ಒಂದು ಕೇಂದ್ರ ಸರ್ಕಾರಿ ಕಚೇರಿ. ಅಲ್ಲಿ ಕನ್ನಡದವರು ನಾವಿಬ್ಬರೇ. ನಾನು ಕಾಸರಗೋಡಿನವನು. ಅವನು ವಿಜಯಪುರದ ಕಡೆಯವನು, ಬಂದು ಎರಡು ತಿಂಗಳಾಗಿತ್ತು. ನಾನು "ಉಂಟು" ಎಂದರೆ ಸಾಕು, "ಸರ, ನಿಮ್ಮ ಕನ್ನಡಾ ಪಾಠದ ಪುಸ್ತಕದಾಗಿಂದ ಎದ್ದು ಬಂದಂಗದ ನೋಡ್ರಿ" ಎಂದು ಎಲ್ಲರೆದುರು ನಗುತ್ತಿದ್ದ. ಮಲಯಾಳಿಗಳಿಗೆ ಅರ್ಥವಾಗುತ್ತಿರಲಿಲ್ಲ, ಆದರೂ ಜೊತೆಗೆ ನಗುತ್ತಿದ್ದರು.

ಮಳೆಗಾಲದಲ್ಲಿ ನಮ್ಮ ಕಚೇರಿಯ ಬೈಕಿನವರದು ಒಂದು ಪದ್ಧತಿ. ಒಂದೇ ದಾರಿಯವರು ಸಾಲಾಗಿ ಹೊರಡುವುದು, ಎಲ್ಲರಿಗಿಂತ ಹೊಸಬ ಮುಂದೆ. ನೀರು ಅವನ ಚಕ್ರದ ನಡುವಿನವರೆಗೆ ಬಂದರೆ ಉಳಿದವರೂ ಇಳಿಯುತ್ತಾರೆ. ಸೈಲೆನ್ಸರ್ ಮುಳುಗಿದರೆ ಅವನನ್ನು ಅಲ್ಲೇ ಬಿಟ್ಟು ತಿರುಗುತ್ತಾರೆ. ಅವನು ಬರುವವರೆಗೆ ಆ ಹೊಸಬ ನಾನಾಗಿದ್ದೆ.

ಆ ದಿನ ಮಧ್ಯಾಹ್ನ ಮೂರೂವರೆಗೆ ಇಬ್ಬರೂ ಹೊರಟೆವು. ಅವನ ಹೆಂಡತಿ ಏಳು ತಿಂಗಳ ಬಸುರಿ, ಮೊದಲ ಸಲ ಒಬ್ಬಳೇ ರೈಲಿನಲ್ಲಿ ಬರುತ್ತಿದ್ದಳು. ನಾಲ್ಕೂವರೆಗೆ ಎರ್ನಾಕುಳಂ ಸ್ಟೇಷನ್ನಿಗೆ. ಅವಳಿಗೆ ಮಲಯಾಳ ಬಾರದು, ಫೋನಿನ ಚಾರ್ಜು ಬೆಳಿಗ್ಗೆಯೇ ಮುಗಿದಿತ್ತು.

ಹೆಲ್ಮೆಟ್ಟಿನ ಗಾಜು ಒಳಗಿನಿಂದ ಮಂಜಾಗುತ್ತಿತ್ತು. ಒಂದು ಬೆರಳಷ್ಟು ಎತ್ತಿದರೆ ಉಸಿರು ಹೊರಹೋಗುತ್ತದೆ, ಮಳೆ ಕಣ್ಣಿಗೆ ಚುಚ್ಚುತ್ತದೆ. ಮುಂದಿನ ವಾಹನದ ಕೆಂಪು ದೀಪವೊಂದೇ ಗುರುತು. ವೈಟ್ಟಿಲದ ಹತ್ತಿರ ಒಂದು ಒಳದಾರಿಯಲ್ಲಿ ನೀರು ನಿಂತಿತ್ತು. ನಾನು ಅವನಿಗೆ ಮೊದಲೇ ಕಲಿಸಿದ್ದೆ: ಚರಂಡಿ ಬದಿಗಿರುತ್ತದೆ, ನಡುರಸ್ತೆ ಹಿಡಿ. ಫಸ್ಟ್ ಗೇರ್. ಆಕ್ಸಿಲರೇಟರ್ ಬಿಡಬೇಡ, ಬಿಟ್ಟರೆ ಸೈಲೆನ್ಸರಿನೊಳಗೆ ನೀರು ನುಗ್ಗುತ್ತದೆ. ದಾಟಿದ ಮೇಲೆ ಬ್ರೇಕ್ ನಂಬಬೇಡ, ನೆನೆದ ಬ್ರೇಕ್ ಹಿಡಿಯುವುದಿಲ್ಲ. ನಿಧಾನಕ್ಕೆ ಹೋಗುತ್ತಾ ಮೆಲ್ಲಗೆ ಒತ್ತಿ ಒತ್ತಿ ಒಣಗಿಸು.

"ಇಳೀಲೇನ್ರಿ ಸರ?"

"ಇಳಿ ಮಾರಾಯ. ನಾನು ಹಿಂದೆ ಇದ್ದೇನಲ್ಲ."

ಎದುರಿನಿಂದ ಬಸ್ ಬರುವುದು ನನಗೆ ಕಂಡಿತ್ತು. ಕಂಡಿತ್ತು ಎಂದೇ ಬರೆಯುತ್ತೇನೆ. ಕಾಣದಿದ್ದರೂ ಈಗ ನನಗೆ ಹಾಗೆ ಬರೆಯುವುದೇ ಸರಿ ಎನಿಸುತ್ತದೆ.

ಬಸ್ಸಿನ ಅಲೆ ಅವನ ಸೀಟಿನವರೆಗೆ ಎದ್ದಿತು. ಅವನು ಹೆದರಿ ಆಕ್ಸಿಲರೇಟರ್ ಬಿಟ್ಟು ಬ್ರೇಕ್ ಹಿಡಿದ. ಇಂಜಿನ್ ನಿಂತಿತು. ಮೊಣಕಾಲಿನವರೆಗಿನ ನೀರಿನಲ್ಲಿ ಇಳಿದು ನನ್ನತ್ತ ತಿರುಗಿ ನೋಡಿದ. ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಸ್ಟಾರ್ಟ್ ಬಟನ್ ಮುಟ್ಟದೆ ದಡಕ್ಕೆ ನೂಕಬೇಕು, ಒತ್ತಿದರೆ ನೀರು ಹೊಕ್ಕ ಇಂಜಿನ್ ಒಳಗೇ ಮುರಿಯುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಂಜಿನ್ ತಿರುಗಿಸಿ ಒಳಗಿನ ನೀರು ಚಿಮ್ಮಿಸಬೇಕು. ಏರ್ ಫಿಲ್ಟರ್ ನೋಡಬೇಕು, ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಬದಲಿಸಬೇಕು. ಇದೊಂದನ್ನು ಮಾತ್ರ ನಾನು ಅವನಿಗೆ ಕಲಿಸಿರಲಿಲ್ಲ.

ಅವನು ಬಟನ್ ಒತ್ತಿದ. ಟಕ್. ಮತ್ತೆ ಒತ್ತಿದ. ಮೂರನೆಯದಕ್ಕೆ ಇಂಜಿನ್ ಒಮ್ಮೆ ಹೊತ್ತಿಕೊಂಡು, ಒಳಗೆ ಯಾರೋ ಸುತ್ತಿಗೆಯಿಂದ ಬಡಿದ ಸದ್ದಾಗಿ, ಪೂರ್ತಿ ನಿಂತಿತು. ನಾನು ಕೂಗಿದ್ದು ಆಮೇಲೆ. ಇಂಜಿನ್ನಿನೊಳಗಿನ ಕನೆಕ್ಟಿಂಗ್ ರಾಡ್ ಬಾಗಿದೆ ಎಂದು ಮೆಕ್ಯಾನಿಕ್ ಹೇಳಿದ್ದು ಮಾರನೆಯ ದಿನ.

ಅವನು ಬೈಕನ್ನು ನನ್ನ ಕಡೆಗೆ ನೂಕಿಕೊಂಡು ಬಂದ. ಒಂದೇ ಒಂದು ಆಟೋ ಇತ್ತು, ಅದೂ ಬರಲೊಪ್ಪಲಿಲ್ಲ.

"ಸರ, ನಿಮ್ಮ ಗಾಡಿ ಕೊಡ್ರಿ. ಸುತ್ತ್ ಹಾಕಿ ಮ್ಯಾಲಿನ ರೋಡಿಗೆ ಹೋಗ್ತೀನಿ. ಆಕಿ ಒಬ್ಬಾಕಿನ ಅದಾಳ್ರಿ."

"ಕೊಡಬಹುದಿತ್ತು. ಆದರೆ ಬ್ರೇಕ್ ನೆನೆದಿದೆ ಮಾರಾಯ, ಹಿಡಿಯುವುದಿಲ್ಲ. ಬಸುರಿ ಹೆಂಗಸನ್ನು ಕೂರಿಸಿಕೊಂಡು ಏನಾದರೂ ಆದರೆ?"

ಅವನು ಬಗ್ಗಿ ನನ್ನ ಚಕ್ರ ನೋಡಿದ. ನಿಂತ ನೀರು ಟಯರಿನ ಅಂಚನ್ನೂ ಮುಟ್ಟಿರಲಿಲ್ಲ. ಯಾವ ಬ್ರೇಕ್ ನೆನೆಯುತ್ತದೆ, ಹೇಗೆ ನೆನೆಯುತ್ತದೆ ಎಂದು ಅವನಿಗೆ ನಾನೇ ಹೇಳಿದ್ದೆ.

"ಖರೆ ಅದರಿ," ಎಂದ. ಪ್ಯಾಂಟು ಮಡಚಿಕೊಂಡು ಅದೇ ನೀರಿನಲ್ಲಿ ಇಳಿದು ನಡೆದ.

ನಾನು ಮೇಲಿನ ರಸ್ತೆ ಹಿಡಿದು ಮನೆಗೆ ಹೋದೆ. ಬ್ರೇಕ್ ಚೆನ್ನಾಗಿಯೇ ಹಿಡಿಯಿತು.

ಅವನು ಸ್ಟೇಷನ್ ಮುಟ್ಟಿದಾಗ ಏಳು ದಾಟಿತ್ತಂತೆ. ಇದನ್ನು ಹೇಳಿದವಳು ಅವನ ಹೆಂಡತಿ, ತಿಂಗಳ ಮೇಲೆ ಅವರ ಮನೆಯಲ್ಲಿ. ಬ್ಯಾಗು ಯಾರಾದರೂ ಒಯ್ದಾರೆಂದು ಅವಳು ಪ್ಲಾಟ್‌ಫಾರಂ ಬಿಟ್ಟು ಕದಲಿರಲಿಲ್ಲ. ಬಚ್ಚಲಿಗೆ ಹೋಗಬೇಕಾದೀತೆಂದು ನೀರೂ ಕುಡಿದಿರಲಿಲ್ಲ. ಕಾಲು ಊದಿ ಚಪ್ಪಲಿಯೊಳಗೆ ಹೋಗದೆ, ಬರಿಗಾಲಲ್ಲಿ ಹೊರಗೆ ಬಂದಿದ್ದಳು.

ನನಗೆ ಚಹಾ ಕೊಡುತ್ತಾ ಅಂದಳು, "ಅಣ್ಣಾರ, ಮಳ್ಯಾಗ ಗಾಡಿ ಹೊಡಿಯೂದು ನೀವ ಕಲಿಸೀರಿ ಅಂದ್ರು. ನೀವು ಇರಲಿಲ್ಲಂದ್ರ ಇವ್ರು ಆವತ್ತು ನೀರಾಗ ಹೋಗಿಬಿಡ್ತಿದ್ರಂತ."

ಅವನು ಎದುರಿಗೇ ಕೂತಿದ್ದ. ಚಹಾ ಊದಿಕೊಳ್ಳುತ್ತಾ, "ಇನ್ನೊಂದೀಟು ಸಕ್ರಿ ಹಾಕು ಅವರಿಗೆ," ಎಂದ.