ಎಂಟನೇ ದಿನದ ಲೆಕ್ಕ

ಹುಣಸೂರಿನ ಒಂದು ಫಾರ್ಮಸಿ ಕಾಲೇಜಿನಲ್ಲಿ ನಾನು ಔಷಧಶಾಸ್ತ್ರ ಕಲಿಸುತ್ತೇನೆ. ಹುಡುಗರಿಗೆ ಕಷ್ಟವಾಗುವುದು ಅರ್ಧಾಯುವಿನ ಲೆಕ್ಕ, ನನಗೆ ಇಷ್ಟವಾಗುವುದೂ ಅದೇ. ರಕ್ತದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಎಷ್ಟು ಹೊತ್ತು ಬೇಕೋ ಅದು ಅರ್ಧಾಯು. ದಿನಾ ಒಂದೇ ಪ್ರಮಾಣ ನುಂಗುತ್ತಾ ಹೋದರೆ ಔಷಧ ಸ್ವಲ್ಪ ಸ್ವಲ್ಪ ಕೂಡಿಕೊಳ್ಳುತ್ತದೆ. ಒಳಗೆ ಬಂದಷ್ಟೇ ಹೊರಗೆ ಹೋಗತೊಡಗಿದಾಗ ಅದರ ಮಟ್ಟ ನಿಲ್ಲುತ್ತದೆ. ಒಂದು ಅರ್ಧಾಯು ಕಳೆದರೆ ಕೊನೆಯ ಮಟ್ಟದ ಅರ್ಧ, ಎರಡು ಕಳೆದರೆ ಮುಕ್ಕಾಲು, ಐದಕ್ಕೆ ಹೆಚ್ಚುಕಡಿಮೆ ಪೂರ್ತಿ. ಬೋರ್ಡಿನ ಮೇಲೆ ಇದನ್ನು ಬರೆದು ಮುಗಿಸಿದಾಗ ನನಗೆ ಊಟ ಮಾಡಿ ಎದ್ದಷ್ಟು ತೃಪ್ತಿ.

ಹಾರನಹಳ್ಳಿ ಕಡೆಯ ಒಂದು ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿ ಆ ತರಗತಿಯಲ್ಲಿದ್ದಳು. ಮನೆಯವರು ಹೊಗೆಸೊಪ್ಪು ಬೆಳೆಯುವವರು. ಮೊದಲ ಕಿರುಪರೀಕ್ಷೆಗೆ ನಾನು ಕೊಟ್ಟ ಪ್ರಶ್ನೆ ಇದು: ಹೃದಯಕ್ಕೆ ಕೊಡುವ ಡಿಜಾಕ್ಸಿನ್ ಮಾತ್ರೆಯ ಅರ್ಧಾಯು ಮೂವತ್ತಾರು ಗಂಟೆ, ದಿನಕ್ಕೊಂದು ನುಂಗಿದರೆ ಮಟ್ಟ ಎಷ್ಟು ದಿನಕ್ಕೆ ನಿಲ್ಲುತ್ತದೆ? ಐದು ಮೂವತ್ತಾರಲಿ ನೂರೆಂಬತ್ತು ಗಂಟೆ, ಏಳೂವರೆ ದಿನ. ಅವಳು ಸರಿಯಾಗಿ ಬರೆದಿದ್ದಳು. ಎರಡಕ್ಕೆ ಎರಡು ಅಂಕ ಕೊಟ್ಟೆ.

ಉತ್ತರಪತ್ರಿಕೆ ಹಂಚಿದ ದಿನವೇ ಅವಳು ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಸಾರ್, ನಮ್ಮಪ್ಪಂಗೂ ಇದೇ ಮಾತ್ರೆ ಕೊಟ್ಟವ್ರೆ. ಎದೆ ಬಡಿತ ಏರುಪೇರು ಅಂತ ಮೈಸೂರಲ್ಲಿ ತೋರ್ಸಿದ್ವಿ. ಶುರು ಮಾಡಿ ಎಂಟು ದಿನ ಆಯ್ತು."

"ಹೇಗಿದ್ದಾರೆ?"

"ಚೆನ್ನಾಗವ್ರೆ ಸಾರ್. ಹದಿನೈದು ದಿನ ಬುಟ್ಟು ಕಿಡ್ನಿ ರಕ್ತ ಪರೀಕ್ಷೆ ಮಾಡ್ಸ್ಕೊಂಡು ಬನ್ನಿ ಅಂದವ್ರೆ ಡಾಕ್ಟ್ರು. ಮನೇಲಿ ಸೊಪ್ಪು ಮುರಿಯೋ ಕೆಲ್ಸ ಬಿದ್ದೈತೆ. ಸ್ವಲ್ಪ ತಡ ಆದ್ರೆ ಏನಾದ್ರೂ ಆಗ್ತದಾ ಸಾರ್?"

ನಾನು ಡಾಕ್ಟರಲ್ಲ. 'ಡಾಕ್ಟರು ಹೇಳಿದಂತೆ ಮಾಡಿ' ಎಂದು ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಲೆಕ್ಕ ಬಲ್ಲವನ ನಾಲಗೆ ಸುಮ್ಮನಿರಬೇಕಲ್ಲ. "ಉತ್ತರ ನೀನೇ ಬರೆದಿದ್ದೀಯಲ್ಲ! ಎಂಟನೇ ದಿನಕ್ಕೆ ಮಟ್ಟ ನಿಂತಿತು. ಇನ್ನು ಏರುವುದಿಲ್ಲ. ಇವತ್ತು ಚೆನ್ನಾಗಿದ್ದರೆ ನಾಳೆಯೂ ಚೆನ್ನಾಗಿರುತ್ತಾರೆ" ಅಂದೆ. ಅವಳು ನಿರಾಳವಾಗಿ ಹೋದಳು. ಹದಿನೈದನೇ ದಿನ ಅವರು ಮೈಸೂರಿಗೆ ಹೋಗಲಿಲ್ಲ.

ಸುಮಾರು ಎರಡು ವಾರ ಕಳೆದಿರಬೇಕು. ಕ್ಲಾಸು ಮುಗಿದ ಮೇಲೆ ಅವಳು ರಜೆ ಚೀಟಿ ಹಿಡಿದುಕೊಂಡು ಬಂದಳು.

"ಅಪ್ಪಂಗೆ ಮೂರು ದಿನದಿಂದ ವಾಂತಿ ಸಾರ್. ಮುದ್ದೆ ತಟ್ಟೆ ಮುಂದಿಟ್ರೆ ಮುಖ ತಿರುಗಿಸ್ತಾರೆ. ಸೊಪ್ಪಿನ ಕಾಲ ಅಲ್ವಾ, ಮಾಮೂಲಿ. ಅವ್ವ ಮಜ್ಜಿಗೆ ಕುಡಿಸ್ತಾವ್ಳೆ. ನಾಳೆ ಅಡುಗೆಗೆ ನಾನು ಮನೇಲಿರ್ಬೇಕು."

ಆ ಕಡೆಯವರಿಗೆ ಇದು ನಿಜಕ್ಕೂ ಮಾಮೂಲಿ. ಇಬ್ಬನಿ ಆರದ ಹಸಿ ಎಲೆ ಮುರಿದರೆ ಅದರ ನಂಜು ಚರ್ಮದಿಂದಲೇ ಒಳಗಿಳಿದು ತಲೆ ಸುತ್ತುತ್ತದೆ, ವಾಂತಿಯಾಗುತ್ತದೆ. ಒಂದು ದಿನ ಮಲಗಿದರೆ ಸರಿಹೋಗುತ್ತದೆ. ಪ್ರತಿ ಮನೆಯಲ್ಲೂ ಪ್ರತಿ ವರ್ಷ ಯಾರಾದರೊಬ್ಬರು ಹಾಗೆ ಮಲಗುತ್ತಾರೆ. ನಾನೂ ಚೀಟಿಗೆ ಸಹಿ ಹಾಕಲು ಪೆನ್ನು ತೆಗೆದೆ.

"ಎದೆ ಕಾಯಿಲೆಯವರು ಸೊಪ್ಪು ಮುರಿಯಲು ಯಾಕೆ ಹೋದರು?" ಎಂದು ಬೈಯುವ ದನಿಯಲ್ಲೇ ಕೇಳಿದೆ. ಬೈಯುವುದು ನನ್ನ ಅಭ್ಯಾಸ.

"ಇಲ್ಲ ಸಾರ್, ಈ ಸಲ ಮುಟ್ಟೇ ಇಲ್ಲ. ನಾವು ಬುಡ್ಲಿಲ್ಲ. ಜಗಲಿ ಮೇಲೇ ಕೂತಿರ್ತಾರೆ." ಅಷ್ಟು ಹೇಳಿ ಅವಳೇ ತಡೆದು ನಿಂತಳು. ಆಮೇಲೆ ಮೆಲ್ಲಗೆ, "ನೆನ್ನೆ ಒಗೆದ ಪಂಚೆ ಕೊಟ್ರೆ, ಯಾಕವ್ವಾ ಹಳದಿ ಆಗದೆ ಅಂದ್ರು ಸಾರ್. ಪಂಚೆ ಬೆಳ್ಳಗೇ ಇತ್ತು" ಅಂದಳು.

ಹಸಿವು ಸಾಯುವುದು, ವಾಂತಿ, ಕಣ್ಣಿಗೆ ಎಲ್ಲವೂ ಹಳದಿ: ಡಿಜಾಕ್ಸಿನ್ ಮಿತಿಮೀರಿದ್ದಕ್ಕೆ ಪಾಠದಲ್ಲಿ ನಾನೇ ಓದಿ ಹೇಳುವ ಲಕ್ಷಣಗಳು. ಎಂಟನೇ ದಿನ ನಿಂತಿರಬೇಕಾದ ಮಟ್ಟ ಇಪ್ಪತ್ತು ದಿನ ದಾಟಿದ ಮೇಲೆ ಹೇಗೆ ಮಿತಿಮೀರಿತು? ಒಂದೇ ದಾರಿ. ಆ ಮಾತ್ರೆ ಹೆಚ್ಚಿನಂಶ ಹೊರಗೆ ಹೋಗುವುದು ಮೂತ್ರಪಿಂಡದಿಂದ. ಮೂವತ್ತಾರು ಗಂಟೆ ಎನ್ನುವುದು ಗಟ್ಟಿ ಮೂತ್ರಪಿಂಡದವರ ಲೆಕ್ಕ. ಅದನ್ನು ನಾನು ಪ್ರಶ್ನೆಯಲ್ಲಿ ಬರೆದಿರಲಿಲ್ಲ, ಅವಳಿಗೆ ಹೇಳುವಾಗ ನೆನಪಿಗೂ ತಂದುಕೊಂಡಿರಲಿಲ್ಲ.

"ಮನೆಗೆ ಫೋನ್ ಮಾಡು. ಇವತ್ತಿನ ಮಾತ್ರೆ ಕೊಡಬೇಡಿ ಅನ್ನು. ಈಗಲೇ ಗಾಡಿ ಮಾಡಿಕೊಂಡು ಮೈಸೂರಿಗೆ ಹೊರಡಲಿ, ಮಾತ್ರೆ ಡಬ್ಬಿ ಜೊತೆಗಿರಲಿ" ಅಂದೆ.

ಫೋನಿನಲ್ಲಿ ಅವಳ ಅವ್ವ ಒಪ್ಪಲಿಲ್ಲ. "ಸೊಪ್ಪಿನ ಪಿತ್ತ ಕಣವ್ವ, ನಾಳೀಕೆ ಇಳೀತದೆ ಬುಡು" ಎನ್ನುವುದು ನನಗೂ ಕೇಳಿಸಿತು. ಅವಳು ಕಿರುಚಿದಳು: "ಅವ್ವಾ, ಅಪ್ಪ ಸೊಪ್ಪು ಮುಟ್ಟಿಲ್ಲ ಕಣವ್ವಾ!" ಆ ಕಡೆ ಅವ್ವ ಗಾಡಿಗಾಗಿ ಯಾರನ್ನೋ ಕೂಗುವುದು ಕೇಳಿಸಿತು.

ಆಸ್ಪತ್ರೆಯಲ್ಲಿ ನಾಡಿ ನಿಮಿಷಕ್ಕೆ ನಲವತ್ತರ ಆಸುಪಾಸಿಗೆ ಇಳಿದಿತ್ತು. ಮೂತ್ರಪಿಂಡ ಅರ್ಧಕ್ಕಿಂತ ಕಡಿಮೆ ಕೆಲಸ ಮಾಡುತ್ತಿತ್ತು. ಮಂಡಿನೋವಿಗೆ ವರ್ಷಗಟ್ಟಲೆ ಅಂಗಡಿ ಮಾತ್ರೆ ನುಂಗಿ ಅದನ್ನು ಹಾಳುಮಾಡಿಕೊಂಡಿದ್ದರಂತೆ. ಇವರ ಮೈಯಲ್ಲಿ ಅರ್ಧಾಯು ನಾಲ್ಕು ದಿನದಷ್ಟಿರಬಹುದು ಎಂದು ಡಾಕ್ಟರು ಹೇಳಿದರು. ಐದು ನಾಲ್ಕಲಿ ಇಪ್ಪತ್ತು. ನಾನು 'ನಿಂತಿತು' ಎಂದ ಎಂಟನೇ ದಿನ ಅದು ಇನ್ನೂ ಮುಕ್ಕಾಲು ದಾರಿಯಲ್ಲಿತ್ತು. ಮುಟ್ಟಲು ಹೊರಟಿದ್ದ ಮಟ್ಟವೂ ನನ್ನ ಲೆಕ್ಕದ್ದರ ಎರಡೂವರೆ ಪಟ್ಟಿಗಿಂತ ಹೆಚ್ಚು. ಹದಿನೈದನೇ ದಿನದ ರಕ್ತ ಪರೀಕ್ಷೆ ಇದನ್ನು ಹಿಡಿದುಬಿಡುತ್ತಿತ್ತು.

ನಾಲ್ಕನೇ ದಿನ ನೋಡಲು ಹೋದೆ. ಹೋಗದಿರಲು ಎರಡು ದಿನ ನೆಪ ಹುಡುಕಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಎದೆಗೆ ತಂತಿ ಅಂಟಿಸಿಕೊಂಡು ಮಲಗಿದ್ದ ಅವರು ನನ್ನನ್ನು ಕಂಡು ಏಳಲು ಹೋದರು.

"ಮಲಗಿ, ಮಲಗಿ. ವಾಂತಿ ನಿಂತಿತಾ?"

"ಕಮ್ಮಿ ಆಗದೆ ಮೇಷ್ಟ್ರೇ. ಮಾತ್ರೆ ನಿಲ್ಸಿ ನಾಕು ದಿನ ಆಯ್ತು, ಇನ್ನೂ ಅರ್ಧ ಒಳಗೇ ಅದೆ ಅಂತಾಳೆ ಮಗಳು. ಅಂಗೂ ಇರ್ತದಾ?"

"ಇರುತ್ತದೆ. ಇನ್ನು ನಾಲ್ಕು ದಿನಕ್ಕೆ ಅದರ ಅರ್ಧ."

ಅವರು ಸ್ವಲ್ಪ ಯೋಚಿಸಿದರು. "ಸೊಪ್ಪು ಒಣಗ್ಸೋ ಬ್ಯಾರನ್ ಮನೆಯಂಗೆ ಅನ್ನಿ. ಸೊಪ್ಪು ಬೇಯ್ಸಿ ಒಲೆ ಆರ್ಸಿದ್ರೂ ಗೋಡೆ ಕಾವು ಬಿರ್ರನೆ ಬುಡಾಕಿಲ್ಲ. ಆದ್ರೆ ಎಲ್ಲಾ ಬ್ಯಾರನ್ನೂ ಒಂದೇ ತರ ಆರಲ್ಲ ಕಣ್ರೀ. ಗೋಡೆ ನೋಡಿ ಹೇಳ್ಬೇಕು."

ನನ್ನ ಮಾತಿನಿಂದಲೇ ಪರೀಕ್ಷೆ ತಪ್ಪಿದ್ದು ಎಂದು ಅವರಿಗೆ ಹೇಳಿದೆ. "ಸೊಪ್ಪು ಬುಟ್ಟು ಬರಾಕೆ ನಮ್ಗೂ ಮನ್ಸಿರ್ನಿಲ್ಲ ಬುಡಿ" ಅಂದರು ಅವರು. ಮಗಳು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು.

ಅವರು ಉಳಿದರು. ಎರಡನೇ ಕಿರುಪರೀಕ್ಷೆಗೆ ನಾನು ಅದೇ ಪ್ರಶ್ನೆಗೆ ಒಂದು ಸಾಲು ಸೇರಿಸಿ ಕೊಟ್ಟೆ: ರೋಗಿಯ ಮೂತ್ರಪಿಂಡ ಕುಗ್ಗಿದೆ, ಅರ್ಧಾಯು ನಾಲ್ಕು ದಿನ. ಅವಳ ಉತ್ತರ ಒಂದೇ ಸಾಲಿನಲ್ಲಿತ್ತು, ಇಪ್ಪತ್ತು ದಿನ. ಅದರ ಕೆಳಗೆ, ಪ್ರಶ್ನೆ ಕೇಳದಿದ್ದರೂ, ಇನ್ನೊಂದು ಸಾಲು ಬರೆದಿದ್ದಳು: 'ಎಂಟನೇ ದಿನ ಚೆನ್ನಾಗಿದ್ದಾರೆ ಎಂದು ರೋಗಿಯ ಮನೆಯವರಿಗೆ ಧೈರ್ಯ ಹೇಳಬಾರದು.'

ಆ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದೆ. ಎರಡಂಕದ ಪ್ರಶ್ನೆ. ಎರಡನ್ನೂ ಕೊಟ್ಟೆ.