ಶಂಕ್ರವ್ವನ ಮರದ ಬಾಚಣಿಗೆ

ಬಿಟಿಎಂ ಲೇಔಟಿನ ಆ ವಠಾರದಲ್ಲಿ ಬೆಳಿಗ್ಗೆ ಏಳಾಯಿತೆಂದರೆ ಮೆಟ್ಟಿಲ ಮೇಲೆ ಜಡೆಯ ಅಂಗಡಿ ತೆರೆಯುತ್ತಿತ್ತು. ಪಿ.ಜಿ. ಒಂದರಲ್ಲಿ ರೊಟ್ಟಿ ತಟ್ಟುವ ಬಾದಾಮಿ ಕಡೆಯ ಶಂಕ್ರವ್ವ, ಮಗಳು ಶ್ವೇತಾಳ ಜೊತೆಗೆ ನೆರೆಮನೆಗಳ ಮೂರು ಹುಡುಗಿಯರಿಗೂ ಜಡೆ ಹೆಣೆಯುತ್ತಿದ್ದಳು. ತಲೆ ನಾಲ್ಕು, ಬಾಚಣಿಗೆ ಒಂದೇ, ಅವಳ ಅವ್ವ ಕೊಟ್ಟ ಮರದ್ದು. ಹೊಸ ಊರಿನಲ್ಲಿ ಅವಳಿಗೆ ನಾಲ್ಕು ಜನರನ್ನು ಸಂಪಾದಿಸಿಕೊಟ್ಟದ್ದೇ ಆ ಜಡೆಗಳು.

ಅಂಥವಳ ಕೈಗೆ ಟೀಚರ್ ಜ್ಯೋತ್ಸ್ನಾರ ಪತ್ರ ಬಂತು.

‘ಶ್ವೇತಾಳ ತಲೆಯಲ್ಲಿ ದುಂಡಗೆ, ಹೊಟ್ಟಿನಂತೆ ಸುಲಿದ ಎರಡು ಕಲೆಗಳಿವೆ, ಅಲ್ಲಿ ಕೂದಲೂ ಉದುರಿದೆ. ಹುಳುಕಡ್ಡಿ ಇರಬಹುದು, ಡಾಕ್ಟರಿಗೆ ತೋರಿಸಿ. ಇದು ಕೊಳಕಿನಿಂದ ಬಂದದ್ದೆಂದು ನೊಂದುಕೊಳ್ಳಬೇಡಿ, ಯಾವ ಮಗುವಿಗೂ ಬರುತ್ತದೆ. ಔಷಧ ಶುರುವಾದ ಮೇಲೆ ಶಾಲೆ ಬಿಡಿಸಬೇಕಾಗಿಲ್ಲ. ಬಾಚಣಿಗೆ, ಟವೆಲ್ ಮಾತ್ರ ಯಾರೊಂದಿಗೂ ಹಂಚಿಕೊಳ್ಳದಿರಲಿ.’

ಕೊನೆಯ ಸಾಲನ್ನು ಶಂಕ್ರವ್ವ ಎರಡು ಸಲ ಓದಿದಳು. ಕಲೆಯನ್ನು ಅವಳು ವಾರದ ಹಿಂದೆಯೇ ಕಂಡಿದ್ದಳು. ಮೆಡಿಕಲ್ ಶಾಪಿನ ಮುಲಾಮು ಸವರಿ, ಮೇಲೆ ಜಡೆ ಎಳೆದು ಮುಚ್ಚಿದ್ದಳು. ಅದೇ ಬಾಚಣಿಗೆ ಉಳಿದ ಮೂರು ತಲೆಗಳ ಮೇಲೂ ಆಡಿತ್ತು.

ಮರುದಿನ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ಹೊಟ್ಟನ್ನು ಕೆರೆದು ಪರೀಕ್ಷೆಗೆ ಕಳಿಸಿದರು. ‘‘ಕೂದಲ ಬೇರಿಗೆ ಇಳಿದಿದೆ ಅಮ್ಮಾ, ಬರೀ ಮುಲಾಮು ಸಾಲಲ್ಲ. ಮಾತ್ರೆ ಕೆಲವು ವಾರ ತಪ್ಪದೆ ಕೊಡಿ, ಈ ಶಾಂಪೂ ಹಾಕಿ. ಬೋಳಿಸೋದೇನೂ ಬೇಡ. ಬಾಚಣಿಗೆ ಮುಟ್ಟಿದ ಮಕ್ಕಳನ್ನೂ ತೋರಿಸ್ಬೇಕು.’’

ಹೇಳಿದರೆ ಇದ್ದ ನಾಲ್ಕು ಜನ ದೂರವಾಗುತ್ತಾರೆ. ಹೇಳದಿದ್ದರೆ? ಅವಳು ದಾರಿಯುದ್ದಕ್ಕೂ ತನ್ನೊಳಗೇ ಗುದ್ದಾಡಿದಳು. ಮನೆಗೆ ಬಂದವಳೇ ಮೆಟ್ಟಿಲ ಮೇಲೆ ತಾಯಂದಿರನ್ನು ಕರೆದಳು.

‘‘ತಪ್ಪಾತ್ರೀ ನಂದು. ಗೊತ್ತಿದ್ದೂ ಮುಚ್ಚಿಟ್ಟೆ. ನಿಮ್ಮ ಹುಡುಗ್ಯಾರ ತಲಿ ನೋಡಿಸ್ರಿ.’’

ಎದುರುಮನೆಯ ಸೌಮ್ಯ ಮಗಳನ್ನು ಒಳಗೆಳೆದುಕೊಂಡಳು. ಶಂಕ್ರವ್ವ ಅವ್ವನ ಬಾಚಣಿಗೆಯನ್ನು ಕಾಗದದಲ್ಲಿ ಸುತ್ತಿ ಕಸದ ಗಾಡಿಗೆ ಹಾಕಿ, ಒಳಗೆ ಹೋಗಿ ಅತ್ತಳು. ಮರುದಿನದಿಂದ ಮೆಟ್ಟಿಲು ಬಿಕೋ ಎಂದಿತು. ಮಾತ್ರೆಯನ್ನು ಮಾತ್ರ ಅವಳು ಒಂದು ದಿನವೂ ತಪ್ಪಿಸಲಿಲ್ಲ, ಊಟವಾದ ಮೇಲೆ ಎದುರು ಕೂತು ನುಂಗಿಸಿದಳು.

ಒಂದೂವರೆ ತಿಂಗಳಿಗೆ ಶ್ವೇತಾಳ ತಲೆಯ ಬೋಳು ಜಾಗದಲ್ಲಿ ಸಣ್ಣ ಕೂದಲು ಕೈಗೆ ಚುಚ್ಚಿತು. ಆ ಖುಷಿಯಲ್ಲೇ ಬಾಗಿಲು ತೆರೆದರೆ ಸೌಮ್ಯ ಮಗಳೊಂದಿಗೆ ನಿಂತಿದ್ದಳು.

‘‘ನಮ್ಮವಳ್ಗೂ ಒಂದು ಚುಕ್ಕೆ ಇತ್ತು ಅಕ್ಕ. ನೀವು ಹೇಳಿದ್ದಕ್ಕೆ ಬೇಗ ಸಿಕ್ತು, ಈಗ ವಾಸಿ ಆಯ್ತು. ನನ್ ಜಡೆ ಇವ್ಳಿಗೆ ಒಂದ್ ಗಂಟೆನೂ ನಿಲ್ಲಲ್ಲ’’ ಎಂದು ಚೀಲದಿಂದ ಹೊಸ ಬಾಚಣಿಗೆ ತೆಗೆದಳು. ‘‘ಬಾಚಣಿಗೆ ನಮ್ದೇ ತಂದಿದೀವಿ. ಕೈ ನಿಮ್ದು ಬೇಕು.’’

ಶಂಕ್ರವ್ವ ಕೈ ತೊಳೆದುಕೊಂಡು ಬಂದು ಮೆಟ್ಟಿಲ ಮೇಲೆ ಕೂತಳು.