ಹುಬ್ಬಿನ ಮೇಲಿನ ಗೆರೆ

ಬಸ್ ನಿಲ್ದಾಣದ ಎದುರಿನ ಫೋಟೋ ಸ್ಟುಡಿಯೋದವನನ್ನು ಎಲ್ಲರೂ ಕರೆಯುವುದು ರಬ್ಬರ್ ಮಾವ ಅಂತಲೇ. ಮೌಸ್ ಹಿಡಿದರೆ ಅವನು ಅಳಿಸದ ವಸ್ತು ಭೂಮಿಯ ಮೇಲಿಲ್ಲ. ಒಮ್ಮೆ ಮದುವೆಯ ಫೋಟೋದಿಂದ ಜಗಳಗಂಟ ಷಡ್ಡಕನೊಬ್ಬನನ್ನು ಎಷ್ಟು ನಾಜೂಕಾಗಿ ತೆಗೆದನೆಂದರೆ, ಮರುವರ್ಷ ಆ ಷಡ್ಡಕನೇ ಬಂದು, ತಾನು ಆ ಮದುವೆಗೆ ಹೋಗಿದ್ದು ಹೌದೋ ಅಲ್ಲವೋ ಎಂದು ಕೇಳಿದನಂತೆ. ನಂಬುವವರು ನಂಬಿ. ಪಕ್ಕದ ಅಂಗಡಿಯ ಟೈಲರಕ್ಕ ಈ ಕಥೆಯನ್ನು ನೂರು ಸಲ ಕೇಳಿದ್ದರೂ, ಪ್ರತಿ ಸಲ ಹೊಲಿಗೆ ಯಂತ್ರ ನಿಲ್ಲಿಸಿ ನಗುತ್ತಿದ್ದಳು.

ಪಾಸ್‌ಪೋರ್ಟ್ ಫೋಟೋದಲ್ಲಿ ಮಾತ್ರ ಈ ಆಟ ನಡೆಯದು. ನಿಯಮಗಳನ್ನು ಅವನೇ ಬರೆದು ಕಂಪ್ಯೂಟರ್ ಮೇಲೆ ಅಂಟಿಸಿದ್ದ. ಅಳತೆಗೆ ಕತ್ತರಿಸಬಹುದು, ಇಡೀ ಚಿತ್ರದ ಬೆಳಕು ಸರಿಮಾಡಬಹುದು. ಹಿಂದಿನ ಗೋಡೆಯ ಮೊಳೆ ಅಳಿಸಿದರೂ ಆ ಊರಿನ ಪಾಸ್‌ಪೋರ್ಟ್ ಕಚೇರಿ ಒಪ್ಪುತ್ತಿತ್ತು. ಮುಖ ಮುಟ್ಟುವಂತಿಲ್ಲ. ಕನ್ನಡಕ ಅಡ್ಡಿಯಾದರೆ ತೆಗೆಸಿ ಮತ್ತೆ ಕ್ಲಿಕ್ಕಿಸಬೇಕು. ಕೂಸಿನ ಬೆನ್ನ ಹಿಂದೆ ಅಮ್ಮನ ಕೈ ಕಂಡರೆ, ಕೂಸನ್ನು ಬಿಳಿ ಬಟ್ಟೆಯ ಮೇಲೆ ಮಲಗಿಸಿ ಹೊಸದಾಗಿ ತೆಗೆಯಬೇಕು.

ಒಂದು ಬೆಳಗ್ಗೆ ಟೈಲರಕ್ಕ ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದು ಸ್ಟೂಲಿನ ಮೇಲೆ ಕೂತಳು. ಪರದೇಶದಲ್ಲಿದ್ದ ತಂಗಿ ಆಸ್ಪತ್ರೆ ಸೇರಿದ್ದಳು, ಹೆಚ್ಚು ದಿನವಿಲ್ಲ ಎಂದಿದ್ದರು ಡಾಕ್ಟರು. ಮರುದಿನವೇ ಪಾಸ್‌ಪೋರ್ಟ್ ಕಚೇರಿಯ ಸರದಿ.

ಅವಳು ಕನ್ನಡಕ ತೆಗೆದಳು, ಮಾವ ಕ್ಲಿಕ್ಕಿಸಿದ. ಅವಳು ಚಹಾ ಹೇಳಲು ಹೊರಗೆ ಹೋದಾಗ, ಎಡ ಹುಬ್ಬನ್ನು ಸೀಳಿದ ಹಳೇ ಗಾಯದ ಗೆರೆ ತೆರೆಯ ಮೇಲೆ ಎದ್ದು ಕಂಡಿತು. ಪಾಪ, ಜೀವಮಾನಕ್ಕೆ ಒಂದು ಒಳ್ಳೆಯ ಫೋಟೋ ಇರಲಿ ಅಂದುಕೊಂಡ. ನಿಯಮದ ಚೀಟಿ ಕಣ್ಣೆದುರೇ ಇತ್ತು. ಕೈಯ ಚಟ ಕೇಳಬೇಕಲ್ಲ. ಎರಡೇ ಉಜ್ಜಿಗೆ ಗೆರೆ ಮಾಯವಾಯಿತು. ಫೋಟೋಗಳನ್ನು ಲಕೋಟೆಗೆ ಹಾಕಿ ಅಂಟಿಸಿಯೇ ಅವಳ ಕೈಗಿಟ್ಟ.

ಮರುದಿನ ಮಧ್ಯಾಹ್ನ ಅವಳು ಫೋಟೋ ಹಿಡಿದುಕೊಂಡೇ ಮರಳಿದಳು. ಕೌಂಟರಿನವರು ಅವಳ ಹಳೇ ಗುರುತಿನ ಚೀಟಿ ಪಕ್ಕದಲ್ಲಿಟ್ಟು ನೋಡಿದ್ದರಂತೆ. ಅದರಲ್ಲಿ ಗೆರೆ ಇದೆ, ಮುಖದಲ್ಲೂ ಇದೆ, ಫೋಟೋದಲ್ಲಿ ಮಾತ್ರ ಇಲ್ಲ. ಮುಖ ತಿದ್ದಿದ ಚಿತ್ರವೆಂದು ತಿರಸ್ಕರಿಸಿ, ಹತ್ತು ದಿನ ಬಿಟ್ಟು ಹೊಸ ಸರದಿ ಕೊಟ್ಟಿದ್ದರು. ಮಾವ ಎರಡು ನಿಮಿಷದಲ್ಲಿ ಇನ್ನೊಂದು ಫೋಟೋ ತೆಗೆದುಕೊಟ್ಟ. ಆದರೆ ದಿನಗಳನ್ನು ತೆಗೆದುಕೊಡುವ ಕ್ಯಾಮೆರಾ ಅವನ ಬಳಿ ಇರಲಿಲ್ಲ.

ಎಂಟನೇ ದಿನ ಫೋನ್ ಬಂತು. ತಂಗಿ ಹೋಗಿಬಿಟ್ಟಿದ್ದಳು.

ವಾರದ ನಂತರ ಮಾವ ಟೈಲರಕ್ಕನ ಅಂಗಡಿ ಬಾಗಿಲಲ್ಲಿ ನಿಂತು, ತನ್ನಿಂದ ತಪ್ಪಾಯಿತೆಂದು ತೊದಲಿದ. ಅವಳು ಸೂಜಿಗೆ ದಾರ ಪೋಣಿಸುತ್ತಲೇ ಇದ್ದಳು.

"ಚಿಕ್ಕೋಳು ಬುಗುರಿ ಎಸೆದು ಮಾಡಿದ ಗಾಯ ಮಾವ ಅದು. ಪ್ರತಿ ಸಲ ಫೋನಲ್ಲಿ, 'ಅಕ್ಕಾ, ನನ್ನ ಸಹಿ ಇನ್ನೂ ಇದ್ಯಾ' ಅಂತ ಕೇಳೋಳು."

"ನಂಗೆ ಗೊತ್ತಿರ್ಲಿಲ್ಲಮ್ಮಾ."

"ಕೇಳ್ಬಹುದಿತ್ತಲ್ಲ. ಹೊರಗೇ ಇದ್ದೆ."

ರಬ್ಬರ್ ಮಾವ ಈಗಲೂ ಗಿರಾಕಿಗಳಿಗೆ ಕಥೆ ಹೊಡೆಯುತ್ತಾನೆ. ಷಡ್ಡಕನ ಕಥೆಯೊಂದನ್ನು ಮಾತ್ರ ಹೇಳುವುದು ನಿಲ್ಲಿಸಿದ್ದಾನೆ. ಉಳಿದ ಯಾವ ಕಥೆಗೂ ಪಕ್ಕದ ಯಂತ್ರ ನಿಲ್ಲುವುದಿಲ್ಲ.